ಐದು ವರ್ಷದ ಕರಾರು ಬೇಕು, ಬಾಡಿಗೆ ಜಾಸ್ತಿ ಕೊಡುತ್ತೇನೆ: ಮಾಲೀಕರಿಗೆ ಪತ್ರ ಹೇಗೆ ಬರೆಯಲಿ?

ಪ್ರಶ್ನೆ: ಹಾಸನದಲ್ಲಿ ಒಂದು ನರ್ಸಿಂಗ್ ಹೋಂ ಎದುರು ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಮಳಿಗೆ 200 ಚದರ ಅಡಿ. ಏಳು ವರ್ಷದಿಂದ 11 ತಿಂಗಳ ಕರಾರು, ಪ್ರತಿ ಸಲ ಶೇ 5 ಏರಿಕೆ. ಈಗ ಬಾಡಿಗೆ 20,000, ಅಡ್ವಾನ್ಸ್ 2 ಲಕ್ಷ. ಮೂರೂವರೆ ಲಕ್ಷ ಹಾಕಿ ರ‍್ಯಾಕು, ಎಸಿ, ಕೌಂಟರ್ ಎಲ್ಲ ಹೊಸದು ಮಾಡಿಸಬೇಕು ಅಂತಿದ್ದೇನೆ. ಅದಕ್ಕೆ ಮುಂಚೆ ಐದು ವರ್ಷದ ಕರಾರು ಕೇಳೋಣ, ಬದಲಿಗೆ ತಿಂಗಳಿಗೆ 22,000 ಫಿಕ್ಸ್ ಕೊಡೋಣ ಅಂತ ಯೋಚನೆ. ಮಾಲೀಕರಿಗೆ ವಯಸ್ಸಾಗಿದೆ, ಲೆಕ್ಕ ನೋಡೋದು ಅವರ ಮಗ. ಈಗಿನ ಕರಾರು ಮುಗಿಯಲು ನಾಲ್ಕು ತಿಂಗಳಿದೆ. ಪತ್ರ ಹೇಗೆ ಬರೆಯಲಿ?

ಉತ್ತರ: ಪತ್ರಕ್ಕೆ ಮುಂಚೆ ಆ 22,000ದ ಲೆಕ್ಕ ನೋಡೋಣ. ನಿಮಗೆ ಅದು ಒಂದೇ ಸಲಕ್ಕೆ ಎರಡು ಸಾವಿರ ಜಾಸ್ತಿ ಅನಿಸುತ್ತಿದೆ. ಆದರೆ ಮಗ ಕ್ಯಾಲ್ಕುಲೇಟರ್ ಹಿಡಿದ ಐದೇ ನಿಮಿಷದಲ್ಲಿ ಅದು ಬಿದ್ದುಹೋಗುತ್ತದೆ.

ಈಗಿನ ಪದ್ಧತಿಯೇ ಮುಂದುವರಿದರೆ ಏನಾಗುತ್ತದೆ ನೋಡಿ. ಮುಂದಿನ ಕರಾರಿನಲ್ಲಿ ಬಾಡಿಗೆ 21,000. ಅದಾದ ಮೇಲೆ 22,050. ಆಮೇಲೆ 23,152, 24,310, 25,526. ಐದು ವರ್ಷಕ್ಕೆ ಐದು ಏರಿಕೆ ಅಂತ ನೀವು ಎಣಿಸಿರುತ್ತೀರಿ. ಇಲ್ಲೇ ಎಡವುವುದು. ನಿಮ್ಮ ಕರಾರು 12 ತಿಂಗಳದ್ದಲ್ಲ, 11 ತಿಂಗಳದ್ದು. 60 ತಿಂಗಳಲ್ಲಿ 11 ತಿಂಗಳ ಐದು ಕರಾರು ಮುಗಿದು, ಕೊನೆಯ ಐದು ತಿಂಗಳಿಗೆ ಆರನೆಯ ಕರಾರು ಶುರುವಾಗಿರುತ್ತದೆ. ಆಗ ಬಾಡಿಗೆ 26,802. ಎಲ್ಲ ಕೂಡಿದರೆ ಐದು ವರ್ಷಕ್ಕೆ ಮಾಲೀಕರ ಕೈಗೆ ಸುಮಾರು 14,10,400 ಬರುತ್ತದೆ. ನಿಮ್ಮ 22,000ದ ಲೆಕ್ಕದಲ್ಲಿ ಬರುವುದು 13,20,000. ತೊಂಬತ್ತು ಸಾವಿರ ಕಡಿಮೆ. ಜಾಸ್ತಿ ಕೊಡುತ್ತೇನೆ ಅಂತ ಹೋಗಿ ಕಡಿಮೆ ಕೊಟ್ಟ ಹಾಗಾಯಿತು, ಅಲ್ವಾ?

14,10,400ನ್ನು 60ರಿಂದ ಭಾಗಿಸಿ. 23,507 ಬರುತ್ತದೆ. ಅಂದರೆ ತಿಂಗಳಿಗೆ 23,500 ಫಿಕ್ಸ್ ಕೊಟ್ಟರೆ ಮಾಲೀಕರಿಗೆ ಹಳೆ ಪದ್ಧತಿಯಷ್ಟೇ ಹಣ ಸಿಗುತ್ತದೆ. ಇದು ನಿಮ್ಮ ಸಮತೂಕದ ಅಂಕಿ. ಇದರಲ್ಲಿ ಅವರಿಗೆ ಇನ್ನೊಂದು ಲಾಭವೂ ಇದೆ, ಅದನ್ನು ನೀವೇ ತೋರಿಸಿಕೊಡಬೇಕು. ಮೊದಲ ಕರಾರಿನ ಅವಧಿಯಲ್ಲಿ ಅವರಿಗೆ ಪ್ರತಿ ತಿಂಗಳು 2,500 ಹೆಚ್ಚು ಬರುತ್ತದೆ, ಎರಡನೆಯದರಲ್ಲಿ 1,450 ಹೆಚ್ಚು. 33 ತಿಂಗಳು ಮುಗಿಯುವ ಹೊತ್ತಿಗೆ ಹಳೆ ಲೆಕ್ಕಕ್ಕಿಂತ 47,000 ರೂಪಾಯಿ ಮುಂದಿರುತ್ತಾರೆ. ಆಮೇಲಷ್ಟೇ ಅದು ಕರಗುತ್ತ ಬಂದು ಅರವತ್ತನೇ ತಿಂಗಳಿಗೆ ಸಮ ಆಗುತ್ತದೆ. ನಾಳೆ ಬರುವ ದುಡ್ಡು ಇವತ್ತೇ ಬಂದರೆ ಅದರ ಬಡ್ಡಿಯೂ ಅವರದ್ದೇ.

ಹಾಗಾಗಿ ನನ್ನ ಸಲಹೆ: ಪತ್ರದಲ್ಲಿ 23,000 ಬರೆಯಿರಿ, 23,500ಕ್ಕೆ ಒಪ್ಪಲು ಮನಸ್ಸಿನಲ್ಲೇ ತಯಾರಾಗಿರಿ. ಮಾಲೀಕರು ಬಾಯಿಬಿಟ್ಟು ಒಂದು ಐನೂರು ಏರಿಸಲೇಬೇಕು, ಅದು ಅವರ ಮರ್ಯಾದೆಯ ಪ್ರಶ್ನೆ. ಅದಕ್ಕೆ ಜಾಗ ಬಿಟ್ಟುಕೊಂಡೇ ಶುರು ಮಾಡಿ. 24,000 ಕೇಳಿದರೆ ಐದು ವರ್ಷಕ್ಕೆ ಹಳೆ ಲೆಕ್ಕಕ್ಕಿಂತ 30,000 ಹೆಚ್ಚು ಕೊಟ್ಟ ಹಾಗೆ. ಮೂರೂವರೆ ಲಕ್ಷದ ಒಳಾಂಗಣ ಉಳಿಸಿಕೊಳ್ಳಲು ಅದೂ ದುಬಾರಿಯಲ್ಲ ಅಂತ ನನಗನಿಸುತ್ತದೆ. ಅದಕ್ಕಿಂತ ಮೇಲೆ ಹೋಗಬೇಡಿ.

ಇನ್ನು ಮಗನ ತಲೆಯಲ್ಲಿ ಓಡುವ ಎರಡನೇ ಯೋಚನೆ. "ಐದು ವರ್ಷ 23,500ರಲ್ಲೇ ನಿಂತರೆ ಆರನೇ ವರ್ಷ ಎಲ್ಲಿಂದ ಶುರು ಮಾಡೋದು? ಪಕ್ಕದ ಅಂಗಡಿ ಅಷ್ಟೊತ್ತಿಗೆ 27,000ದಲ್ಲಿರುತ್ತದೆ." ಫಿಕ್ಸ್ ಬಾಡಿಗೆಗೆ ಮಾಲೀಕರು ಹಿಂಜರಿಯುವುದು ಮುಖ್ಯವಾಗಿ ಇದಕ್ಕೇ. ಅದಕ್ಕೆ ಉತ್ತರ ಪತ್ರದಲ್ಲೇ ಇರಲಿ. ಐದು ವರ್ಷದ ನಂತರ ಮುಂದುವರಿಯುವುದಾದರೆ ಬಾಡಿಗೆ 26,800ರಿಂದ ಶುರು ಅಂತ ಅಂಕಿ ಸಮೇತ ಬರೆಯಿರಿ. ಹಳೆ ಪದ್ಧತಿಯಲ್ಲೂ ಬಾಡಿಗೆ ಆಗ ಅಲ್ಲಿಗೇ ಬಂದಿರುತ್ತಿತ್ತು. ನಿಮಗೆ ಇದು ಹೊಸ ನಷ್ಟವಲ್ಲ, ಅವರಿಗೆ ದೊಡ್ಡ ಸಮಾಧಾನ.

ಅಂಕಿ ಬರೆಯಿರಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ನಾನು ಕರಾರು ಬರೆಯಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಬಟ್ಟೆ ಅಂಗಡಿಯವರಿಗೆ "ಅವಧಿ ಮುಗಿದ ಮೇಲೆ ಉಭಯತರು ಒಪ್ಪಿದ ಬಾಡಿಗೆಗೆ ನವೀಕರಿಸತಕ್ಕದ್ದು" ಅಂತ ಬರೆದುಕೊಟ್ಟಿದ್ದೆ. ಓದಲು ಚೆನ್ನಾಗಿತ್ತು. ಅವಧಿ ಮುಗಿದಾಗ ಮಾಲೀಕರು ಎರಡರಷ್ಟು ಕೇಳಿದರು. ಒಪ್ಪಿಗೆ ಆಗಲಿಲ್ಲ, ನವೀಕರಣವೂ ಆಗಲಿಲ್ಲ. ಏನು ಕೊಡಬೇಕು ಅನ್ನುವುದೇ ಗೊತ್ತಾಗದ ಕರಾರು ನಿಲ್ಲುವುದಿಲ್ಲ ಅಂತ ಕರಾರು ಕಾಯ್ದೆಯ 29ನೇ ಕಲಮು ಹೇಳುತ್ತದೆ. ಆ ಸಾಲು ಕಾಗದದ ಮೇಲಿನ ಅಲಂಕಾರ ಅಷ್ಟೇ ಆಗಿತ್ತು. ಬಾಡಿಗೆ ಎಷ್ಟು, ಎಷ್ಟು ವರ್ಷಕ್ಕೆ, ಎಷ್ಟು ತಿಂಗಳು ಮುಂಚೆ ತಿಳಿಸಬೇಕು, ಈ ಮೂರೂ ಇದ್ದರೆ ಮಾತ್ರ ನವೀಕರಣದ ಷರತ್ತಿಗೆ ಬೆಲೆ.

ಈಗ ಅವಧಿಯ ವಿಚಾರ. ಪತ್ರದಲ್ಲಿ "ನೋಂದಾಯಿತ ಕರಾರು" ಅನ್ನುವ ಮಾತು ಇರಲೇಬೇಕು. ನಮ್ಮ ಕಡೆ ಏನು ಮಾಡುತ್ತಾರೆ? ಛಾಪಾ ಕಾಗದ ತಂದು, ಐದು ವರ್ಷ ಅಂತ ಟೈಪ್ ಮಾಡಿಸಿ, ನೋಟರಿ ಮೊಹರು ಹಾಕಿಸಿ, ಆಯ್ತು ಅಂತ ಮನೆಗೆ ಹೋಗುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮಿನಲ್ಲೂ ನೋಂದಣಿ ಕಾಯ್ದೆಯ 17ನೇ ಕಲಮಿನಲ್ಲೂ ಇದೇ ಇದೆ. ನೋಟರಿ ಮೊಹರು ನೋಂದಣಿಯಲ್ಲ. ನೋಂದಣಿ ಇಲ್ಲದಿದ್ದರೆ ಆ ಐದು ವರ್ಷ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಂಗಡಿಯ ಬಾಡಿಗೆದಾರರನ್ನು ತಿಂಗಳಿಂದ ತಿಂಗಳಿಗೆ ಇರುವವರು ಅಂತ ನೋಡುತ್ತಾರೆ. ಅಂಥವರನ್ನು ಬಿಡಿಸಲು 15 ದಿನದ ನೋಟಿಸ್ ಸಾಕು. ಮೂರೂವರೆ ಲಕ್ಷದ ರ‍್ಯಾಕು, ಹದಿನೈದು ದಿನದ ಭದ್ರತೆ.

ಬಾಡಿಗೆ ಕಾಯ್ದೆ ಕಾಪಾಡುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ವ್ಯಾಪಾರದ ಮಳಿಗೆಗಳಲ್ಲಿ 14 ಚದರ ಮೀಟರ್ ಮೀರದ ಸಣ್ಣ ಗೂಡುಗಳಿಗೆ ಮಾತ್ರ. ನಿಮ್ಮ 200 ಚದರ ಅಡಿ ಅಂದರೆ 18.6 ಚದರ ಮೀಟರ್. ನಿಮ್ಮ ರಕ್ಷಣೆ ಇರುವುದು ನಿಮ್ಮ ಕರಾರಿನಲ್ಲಿ ಮಾತ್ರ. ಅದು ನೋಂದಣಿ ಆಗಿದ್ದರೆ ನಾಳೆ ಮಾಲೀಕರು ಕಟ್ಟಡ ಮಾರಿದರೂ ಕೊಂಡವರು ನಿಮ್ಮ ಅವಧಿಗೆ ಬದ್ಧರು.

ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎರಡನ್ನೂ ಬಾಡಿಗೆ, ಅವಧಿ, ಅಡ್ವಾನ್ಸ್ ನೋಡಿ ಲೆಕ್ಕ ಹಾಕುತ್ತಾರೆ. ಪತ್ರ ಕೊಡುವ ಮುಂಚೆಯೇ ಕಚೇರಿಯಲ್ಲಿ ಮೊತ್ತ ಕೇಳಿಕೊಳ್ಳಿ, ಅಷ್ಟೂ ಖರ್ಚು ನನ್ನದೇ ಅಂತ ಪತ್ರದಲ್ಲಿ ಬರೆಯಿರಿ. ವಯಸ್ಸಾದ ಮಾಲೀಕರು ನೋಂದಣಿ ಅಂದರೆ ಹೆದರುವುದು ಖರ್ಚಿಗಿಂತ ಹೆಚ್ಚಾಗಿ "ಆಸ್ತಿ ಇವರ ಹೆಸರಿಗೆ ಹೋಗಿಬಿಡುತ್ತದೇನೋ" ಅನ್ನುವ ಅನುಮಾನಕ್ಕೆ. ಅದನ್ನು ಎದುರು ಕೂತು ಹೇಳಿ. ಇದು ಬಾಡಿಗೆ ಕರಾರು, ಖಾತೆ ನಿಮ್ಮ ಹೆಸರಲ್ಲೇ ಇರುತ್ತದೆ, ಅವಧಿ ಮುಗಿದರೆ ಹಕ್ಕೂ ಮುಗಿಯಿತು ಅಂತ. ಕಾಗದದಲ್ಲಿ ಬರೆದರೆ ಇಲ್ಲದ ಅನುಮಾನ ಹುಟ್ಟುತ್ತದೆ.

ಪತ್ರ ಬರೆಯುವ ಮುಂಚೆ ಇನ್ನೊಂದು ಕೆಲಸ. ಆ ಕಟ್ಟಡದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ. ಎರಡು ಸಂಗತಿ ನೋಡಬೇಕು. ಒಂದು, ಆಸ್ತಿ ಯಾರ ಹೆಸರಲ್ಲಿದೆ. ತೀರಿಕೊಂಡ ತಂದೆಯ ಹೆಸರಲ್ಲೇ ಇದ್ದು ಅಣ್ಣ ತಮ್ಮ ಅಕ್ಕ ತಂಗಿಯರ ಪಾಲು ಆಗಿಲ್ಲದಿದ್ದರೆ, ಒಬ್ಬರ ಸಹಿಯಿಂದ ಐದು ವರ್ಷದ ಭರವಸೆ ಸಿಗುವುದಿಲ್ಲ. ಎಲ್ಲರೂ ಸಹಿ ಹಾಕಬೇಕು. ಎರಡು, ಬ್ಯಾಂಕಿಗೆ ಅಡಮಾನ ಆಗಿದೆಯೇ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಅಡಮಾನ ಇಟ್ಟ ಮಾಲೀಕರು ಬ್ಯಾಂಕನ್ನು ಕೇಳದೆ ಕಟ್ಟಡವನ್ನು ಮೂರು ವರ್ಷಕ್ಕಿಂತ ಹೆಚ್ಚಿಗೆ ಬಾಡಿಗೆಗೆ ಕೊಟ್ಟರೆ ಬ್ಯಾಂಕ್ ಅದಕ್ಕೆ ಬದ್ಧವಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಮಿನಲ್ಲಿ ಈ ಮಿತಿ ಇದೆ. ಅಡಮಾನದ ಪತ್ರದಲ್ಲಿ ಇನ್ನೂ ಬಿಗಿಯಾದ ಷರತ್ತು ಇರಲೂಬಹುದು. ಹಾಗಾಗಿ ಇಸಿ ನೋಡಿದ ಮೇಲೂ "ಸಾಲ ಏನಾದರೂ ಇದೆಯಾ" ಅಂತ ಬಾಯಿಬಿಟ್ಟು ಕೇಳಿ. ಇದ್ದರೆ ಬ್ಯಾಂಕಿನಿಂದ ಒಪ್ಪಿಗೆ ಪತ್ರ ತರಿಸಿಕೊಳ್ಳಿ. ಅದು ಆಗದಿದ್ದರೆ ಮೂರು ವರ್ಷಕ್ಕೇ ಕೇಳಿ.

ಮೂರು ವರ್ಷ ಅಂದಾಗ ಅಂಕಿಯೂ ಬದಲಾಗುತ್ತದೆ. 36 ತಿಂಗಳಿಗೆ ಹಳೆ ಪದ್ಧತಿಯ ಸರಾಸರಿ 22,254. ನಿಮ್ಮ ಮನಸ್ಸಿಗೆ ಬಂದ 22,000 ಹತ್ತಿರತ್ತಿರ ಮೂರು ವರ್ಷದ ಬಾಡಿಗೆ ಅಂತಾಯಿತು. ಮಾಲೀಕರು "ಐದು ಬೇಡ, ಮೂರಕ್ಕೆ ಮಾಡೋಣ" ಅಂದರೆ 23,500 ಮೂರು ವರ್ಷಕ್ಕೂ ಇರಲಿ ಅಂತ ಒಪ್ಪಿಕೊಂಡು ಬರಬೇಡಿ. ಹೆಚ್ಚಿನ ಬಾಡಿಗೆ ಕೊಟ್ಟದ್ದು ಹೆಚ್ಚಿನ ಅವಧಿಗೆ. ಅವಧಿ ಇಳಿದರೆ ಬಾಡಿಗೆಯೂ ಇಳಿಯಬೇಕು.

ನೀವು ಕಟ್ಟಿಹಾಕಿಕೊಳ್ಳುವುದು ಮಾಲೀಕರನ್ನು ಮಾತ್ರ ಅಲ್ಲ, ನಿಮ್ಮನ್ನೂ. ಎದುರಿನ ನರ್ಸಿಂಗ್ ಹೋಂ ಎರಡು ವರ್ಷದಲ್ಲಿ ರಿಂಗ್ ರಸ್ತೆಗೆ ಹೋದರೆ? ಚೀಟಿ ಹಿಡಿದು ಬರುವವರೇ ಇಲ್ಲದ ಮೆಡಿಕಲ್ ಸ್ಟೋರಿಗೆ 23,500 ಕಟ್ಟುತ್ತ ಕೂರಬೇಕಾಗುತ್ತದೆ. ಅದಕ್ಕೆ ಮೊದಲ ಎರಡು ವರ್ಷ ನೀವು ಬಿಡುವಂತಿಲ್ಲ, ಆಮೇಲೆ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಅಂತ ಇಡಿ. ಮಾಲೀಕರು ಮಾತ್ರ ಐದೂ ವರ್ಷ ಬಿಡಿಸುವಂತಿಲ್ಲ, ನೀವು ಸತತ ಮೂರು ತಿಂಗಳು ಬಾಡಿಗೆ ಕೊಡದಿದ್ದರೆ ಹೊರತು. ಇದು ನಿಮ್ಮ ಕಡೆಗೆ ವಾಲಿದ ಷರತ್ತು, ನಿಜ. ಮಗ ಇದನ್ನು ಹಿಡಿಯುತ್ತಾರೆ. ಎರಡು ವರ್ಷವನ್ನು ಮೂರಕ್ಕೆ ಏರಿಸಲು ಕೇಳಿದರೆ ಒಪ್ಪಿಕೊಳ್ಳಿ. ಬಿಡುವ ದಾರಿಯೇ ಬೇಡ ಅಂದರೆ ಒಪ್ಪಬೇಡಿ.

ಪತ್ರದಲ್ಲಿ ಏನು ಬರೆಯಬಾರದು ಅನ್ನುವುದೂ ಮುಖ್ಯ. ನಿಮ್ಮ ಡ್ರಗ್ ಲೈಸೆನ್ಸ್ ಆ ಜಾಗಕ್ಕೆ ಕೊಟ್ಟದ್ದು. ಅಂಗಡಿ ಬದಲಾದರೆ ಹೊಸ ಜಾಗಕ್ಕೆ ಮತ್ತೆ ಅರ್ಜಿ, ಮತ್ತೆ ತಪಾಸಣೆ. ಎದುರಿಗೆ ಆಸ್ಪತ್ರೆ ಇರುವ ಇನ್ನೊಂದು ಮಳಿಗೆ ಸುಲಭಕ್ಕೆ ಸಿಗುವುದೂ ಇಲ್ಲ. ಇದೆಲ್ಲ ಸತ್ಯ. ಆದರೆ "ನಾನು ಬೇರೆ ಕಡೆ ಹೋಗುವುದು ಕಷ್ಟ, ದಯವಿಟ್ಟು" ಅಂತ ಬರೆದರೆ ನಿಮ್ಮ ಜುಟ್ಟು ಅವರ ಕೈಗೆ ಕೊಟ್ಟಂತೆ. ಮೂರೂವರೆ ಲಕ್ಷದ ಮೊತ್ತವನ್ನೂ ಬರೆಯಬೇಡಿ. ಒಳಾಂಗಣ ಹೊಸದು ಮಾಡಿಸುವ ಉದ್ದೇಶವಿದೆ ಅಂದರೆ ಸಾಕು. ಮಾಲೀಕರಿಗೆ ಏನು ಸಿಗುತ್ತದೆ ಅನ್ನುವುದೇ ಪತ್ರದ ತುಂಬ ಇರಲಿ.

ಜಿಎಸ್‌ಟಿಯನ್ನು ಒಂದು ಸಾಲಿನಲ್ಲಿ ಮುಗಿಸಿ. ನೀವು ನೋಂದಣಿ ಇರುವವರು, ಮಾಲೀಕರು ಇಲ್ಲದವರು ಅಂದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ನೀವೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. 23,500ಕ್ಕೆ ಅದು 4,230. ಮೊದಲು ನಗದಾಗಿ ಕಟ್ಟಿ ಆಮೇಲೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುತ್ತೀರಿ. ನೀವು ಕಾಂಪೊಸಿಷನ್‌ನಲ್ಲಿದ್ದರೆ 2025ರ ಜನವರಿ 16ರಿಂದ ಇದು ನಿಮಗಿಲ್ಲ. ಬಾಡಿಗೆಯ ಅಂಕಿ ತೆರಿಗೆ ಬಿಟ್ಟು ಅಂತ ಸ್ಪಷ್ಟವಾಗಿದ್ದರೆ ಮುಂದೆ ಜಗಳ ಬರುವುದಿಲ್ಲ.

ಪತ್ರ ಒಂದು ಪುಟ ಮೀರದಿರಲಿ. ನಾನಾದರೆ ಹೀಗೆ ಬರೆಯುತ್ತೇನೆ:

ದಿನಾಂಕ: …

ಮಾನ್ಯರೆ,

ವಿಷಯ: ಮಳಿಗೆಯ ಬಾಡಿಗೆ ಕರಾರನ್ನು ಐದು ವರ್ಷಕ್ಕೆ ನವೀಕರಿಸುವ ಬಗ್ಗೆ

ತಮ್ಮ ಕಟ್ಟಡದ ಮಳಿಗೆಯಲ್ಲಿ ಏಳು ವರ್ಷದಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ಈ ಅವಧಿಯಲ್ಲಿ ಬಾಡಿಗೆ ಒಂದು ತಿಂಗಳೂ ಬಾಕಿ ಉಳಿದಿಲ್ಲ. ಈಗಿನ ಕರಾರು … ರಂದು ಮುಗಿಯುತ್ತದೆ. ಅಂಗಡಿಯ ಒಳಭಾಗವನ್ನು ಹೊಸದಾಗಿ ಮಾಡಿಸುವ ಉದ್ದೇಶವಿರುವುದರಿಂದ, ಈ ಸಲ 11 ತಿಂಗಳ ಬದಲು ಐದು ವರ್ಷದ ನೋಂದಾಯಿತ ಕರಾರು ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇದಕ್ಕೆ ಪ್ರತಿಯಾಗಿ ಈಗಿನ 20,000 ರೂ. ಬಾಡಿಗೆಯನ್ನು ಮೊದಲ ತಿಂಗಳಿಂದಲೇ 23,000 ರೂ.ಗೆ ಏರಿಸಿ, 60 ತಿಂಗಳೂ ಅಷ್ಟೇ ಕೊಡಲು ಸಿದ್ಧನಿದ್ದೇನೆ. ಜಿಎಸ್‌ಟಿ ಇದರಲ್ಲಿ ಸೇರಿಲ್ಲ. ರೂಢಿಯಂತೆ ಶೇ 5 ಏರಿಸಿದರೆ ಮೊದಲ ಕರಾರಿನಲ್ಲಿ ಬರುವುದು 21,000 ರೂ. ಎರಡೂ ರೀತಿಯ ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಿದ್ದೇನೆ. ಮುದ್ರಾಂಕ ಮತ್ತು ನೋಂದಣಿ ಖರ್ಚು ಪೂರ್ತಿ ನನ್ನದು.

ಐದು ವರ್ಷದ ನಂತರವೂ ಮುಂದುವರಿಯಲು ಬಯಸಿದರೆ ಮೂರು ತಿಂಗಳು ಮುಂಚೆ ಲಿಖಿತವಾಗಿ ತಿಳಿಸುತ್ತೇನೆ. ಆಗ ಮೂರು ವರ್ಷದ ಅವಧಿಗೆ ಬಾಡಿಗೆ ತಿಂಗಳಿಗೆ 26,800 ರೂ. ಇರಲಿ. ಮೊದಲ ಎರಡು ವರ್ಷ ನಾನು ಮಳಿಗೆ ಬಿಡುವುದಿಲ್ಲ. ಆ ನಂತರ ಬಿಡುವುದಾದರೆ ಮೂರು ತಿಂಗಳ ಮುನ್ಸೂಚನೆ ಕೊಡುತ್ತೇನೆ. ಬಾಡಿಗೆ ಸತತ ಮೂರು ತಿಂಗಳು ಬಾಕಿಯಾಗದ ಹೊರತು ತಾವು ಐದು ವರ್ಷ ಮಳಿಗೆ ಬಿಡಲು ಕೇಳುವಂತಿಲ್ಲ ಎಂಬ ಷರತ್ತು ಕರಾರಿನಲ್ಲಿರಲಿ. ಅಡ್ವಾನ್ಸ್ 2,00,000 ರೂ. ಈಗಿರುವಂತೆಯೇ ಮುಂದುವರಿಯಲಿ.

ಇದು ನನ್ನ ಪ್ರಸ್ತಾವ ಮಾತ್ರ. ಹೊಸ ಕರಾರು ನೋಂದಣಿ ಆಗುವವರೆಗೆ ಈಗಿನ ಕರಾರಿನ ಷರತ್ತುಗಳೇ ನಡೆಯಲಿ. … ರೊಳಗೆ ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
…

ಕೊನೆಯ ಪ್ಯಾರಾ ಸುಮ್ನೆ ಹಾಕಿದ್ದಲ್ಲ. ಅದಿಲ್ಲದಿದ್ದರೆ ನಾಳೆ "ನೀವೇ 23,000 ಕೊಡುತ್ತೇನೆ ಅಂತ ಬರೆದುಕೊಟ್ಟಿದ್ದೀರಲ್ಲ" ಅಂತ 11 ತಿಂಗಳ ಕರಾರಿಗೇ ಆ ಬಾಡಿಗೆ ಕೇಳಬಹುದು. ಅದೇ ಕಾರಣಕ್ಕೆ ನೋಂದಣಿಗೆ ಮುಂಚೆ ಹೊಸ ಬಾಡಿಗೆ ಕಟ್ಟಲು ಶುರು ಮಾಡಬೇಡಿ, ಬಡಗಿಯನ್ನೂ ಕರೆಸಬೇಡಿ. ರ‍್ಯಾಕು ಕೂರಿಸಿದ ಮೇಲೆ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಲಗತ್ತಿಸುವ ಹಾಳೆಯಲ್ಲಿ ಎರಡೇ ಸಾಲು ಅಂಕಿ ಇರಲಿ. ಒಂದರಲ್ಲಿ ಹಳೆ ಪದ್ಧತಿಯ ಆರು ಹಂತ ಮತ್ತು ಮೊತ್ತ, ಇನ್ನೊಂದರಲ್ಲಿ 23,000 ಸಲ 60, ಅಂದರೆ 13,80,000. 30,000 ಕಡಿಮೆ ಇದೆ ಅನ್ನುವುದು ಅದರಲ್ಲೇ ಕಾಣುತ್ತದೆ, ಕಾಣಲಿ. ಮುಚ್ಚಿಟ್ಟರೆ ಮಗ ಕಂಡುಹಿಡಿದು ಅನುಮಾನ ಪಡುತ್ತಾರೆ. ತೆರೆದಿಟ್ಟರೆ "ಹಾಗಾದರೆ 23,500 ಮಾಡಿ, ಸಮ ಆಗುತ್ತೆ" ಅಂತ ಅವರೇ ಹೇಳುತ್ತಾರೆ. ನೀವು ಸ್ವಲ್ಪ ಯೋಚಿಸಿ ಒಪ್ಪಿಕೊಳ್ಳಿ.

ಪತ್ರವನ್ನು ಅಂಚೆಯಲ್ಲಿ ಕಳಿಸಬೇಡಿ. ಏಳು ವರ್ಷದಿಂದ ಕೈಯಿಂದ ಕೈಗೆ ಬಾಡಿಗೆ ಕೊಡುತ್ತಿದ್ದವರಿಂದ ಅಂಚೆಯಲ್ಲಿ ಕಾಗದ ಬಂದರೆ ಹಿರಿಯರು ವಕೀಲರ ನೋಟಿಸ್ ಬಂದಂತೆ ಗಾಬರಿಯಾಗುತ್ತಾರೆ. ಒಂದು ಭಾನುವಾರ ಬೆಳಿಗ್ಗೆ ಮಗನೂ ಮನೆಯಲ್ಲಿರುವಾಗ ಹೋಗಿ. ಮೊದಲು ಮಾತಾಡಿ, ಆಮೇಲೆ ಪತ್ರ ಕೊಡಿ, ನಿಮ್ಮ ಪ್ರತಿಯ ಮೇಲೆ ದಿನಾಂಕ ಹಾಕಿ "ತಲುಪಿದೆ" ಅಂತ ಸಹಿ ತೆಗೆದುಕೊಳ್ಳಿ. ಸಹಿಗೆ ಮುಜುಗರ ಅನಿಸಿದರೆ ಅದೇ ದಿನ ಮಗನ ವಾಟ್ಸ್‌ಆ್ಯಪ್‌ಗೆ ಪತ್ರದ ಫೋಟೊ ಕಳಿಸಿ, ಇವತ್ತು ಅಪ್ಪಾಜಿಗೆ ಕೊಟ್ಟ ಪತ್ರ ಅಂತ ಒಂದು ಸಾಲು ಬರೆಯಿರಿ. ನಾಲ್ಕು ತಿಂಗಳಿರುವಾಗಲೇ ಕೊಟ್ಟರೆ ಅವರಿಗೆ ಯೋಚಿಸಲು ಒಂದು ತಿಂಗಳು, ಚೌಕಾಸಿಗೆ ಒಂದು ತಿಂಗಳು, ಕರಡು ಮತ್ತು ನೋಂದಣಿಗೆ ಒಂದು ತಿಂಗಳು ಸಿಗುತ್ತದೆ. ಉಳಿದ ಒಂದು ತಿಂಗಳು ಒಪ್ಪಂದ ಮುರಿದುಬಿದ್ದರೆ ಬೇರೆ ಮಳಿಗೆ ನೋಡಲು ಅಲ್ಲ, ಹಳೆಯ ಶೇ 5ಕ್ಕೇ ಇನ್ನೊಂದು 11 ತಿಂಗಳ ಕರಾರು ಮಾಡಿಕೊಳ್ಳಲು. ಆಗ ರ‍್ಯಾಕು ಹಳೆಯದೇ ಇರಲಿ, ಎಸಿ ಮಾತ್ರ ಹಾಕಿಸಿ. ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.